ಸೆಪ್ಟೆಂಬರ್ 30ರ ಗೆರೆ: ವರ್ಷದ ನಡುವೆ ಸೇರಿದವರ ಹೈಕ್ ಎಲ್ಲಿ ತಪ್ಪಿಹೋಗುತ್ತದೆ

ಹೊಸ ಕೆಲಸಕ್ಕೆ ಸೇರುವ ದಿನವನ್ನು ನಮ್ಮ ಕಡೆ ಪಂಚಾಂಗ ನೋಡಿ ಗೊತ್ತುಮಾಡುವುದುಂಟು. ಆಷಾಢ ಬೇಡ, ಪಿತೃಪಕ್ಷ ಅಂತೂ ಬೇಡವೇ ಬೇಡ, ನವರಾತ್ರಿ ಶುರುವಾದ ಮೇಲೆ ಸೇರಿಕೋ ಎಂದು ಮನೆಯಲ್ಲಿ ಹೇಳುತ್ತಾರೆ. 2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಂದಿತ್ತು, ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಯಿತು. ಆ ವರ್ಷ ಸೆಪ್ಟೆಂಬರ್ ಕೊನೆಯ ವಾರ ಸೇರಬಹುದಾಗಿದ್ದವರು ಒಂದು ವಾರ ಮುಂದೂಡಿದ್ದರೆ, ಅಪ್ರೈಸಲ್ ಲೆಕ್ಕದಲ್ಲಿ ಅವರು ಬಿಟ್ಟುಕೊಟ್ಟದ್ದು ಒಂದು ವಾರವನ್ನಲ್ಲ. ಬಹಳಷ್ಟು ಖಾಸಗಿ ಕಂಪನಿಗಳಲ್ಲಿ ಏಪ್ರಿಲ್ ಹೈಕ್‌ಗೆ ಅರ್ಹತೆಯ ಕಟ್‌ಆಫ್ ಸೆಪ್ಟೆಂಬರ್ 30. ಅದರೊಳಗೆ ಸೇರಿದವರ ಹೆಸರು ಮುಂದಿನ ಏಪ್ರಿಲ್‌ನ ಪಟ್ಟಿಯಲ್ಲಿರುತ್ತದೆ, ಅಕ್ಟೋಬರ್‌ನಲ್ಲಿ ಸೇರಿದವರದು ಅದರ ಮುಂದಿನ ಏಪ್ರಿಲ್‌ಗೆ ಹೋಗುತ್ತದೆ.

ಎಲ್ಲ ಕಡೆಯೂ ಇದೇ ತಾರೀಖು ಎಂದೇನಲ್ಲ. ಜನವರಿಯಿಂದ ಡಿಸೆಂಬರ್‌ವರೆಗೆ ವರ್ಷ ಎಣಿಸುವ ಕಂಪನಿಗಳಲ್ಲಿ ಗೆರೆ ಜೂನ್ 30ಕ್ಕೋ ಸೆಪ್ಟೆಂಬರ್ 30ಕ್ಕೋ ಬೀಳುತ್ತದೆ. ಏಪ್ರಿಲ್–ಮಾರ್ಚ್ ವರ್ಷದವರಲ್ಲೂ ಕೆಲವರು ಡಿಸೆಂಬರ್ 31ರವರೆಗೆ ಅವಕಾಶ ಕೊಡುತ್ತಾರೆ. ತಾರೀಖು ಯಾವುದೇ ಇರಲಿ, ಒಳಗಿನ ತರ್ಕ ಒಂದೇ. ಆ ತರ್ಕ ಎಲ್ಲಿಯವರೆಗೆ ಸರಿ, ಎಲ್ಲಿಂದ ಆಚೆಗೆ ನೌಕರನ ದುಡ್ಡು ಸದ್ದಿಲ್ಲದೆ ಕಳೆದುಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೂರು ತಾರೀಖುಗಳು

ಹೈಕ್ ವಿಷಯದಲ್ಲಿ ಮೂರು ತಾರೀಖುಗಳಿವೆ, ಗೊಂದಲ ಹುಟ್ಟುವುದು ಇವನ್ನು ಒಂದೇ ಎಂದುಕೊಂಡಾಗ. ಮೊದಲನೆಯದು ಕಟ್‌ಆಫ್: ಈ ದಿನದೊಳಗೆ ಸೇರಿದವರು ಮಾತ್ರ ಈ ಸುತ್ತಿನ ಲೆಕ್ಕಕ್ಕೆ. ಎರಡನೆಯದು ಜಾರಿ ದಿನ: ಹೊಸ ಸಂಬಳ ಯಾವ ದಿನದಿಂದ ಅನ್ವಯ ಎಂಬುದು, ಸಾಮಾನ್ಯವಾಗಿ ಏಪ್ರಿಲ್ 1, ಕೆಲವು ಕಡೆ ಜುಲೈ 1. ಮೂರನೆಯದು ದುಡ್ಡು ಕೈಗೆ ಬರುವ ದಿನ. ಏಪ್ರಿಲ್ 1ರಿಂದ ಜಾರಿಯಾದ ಹೈಕ್‌ನ ಪತ್ರ ಜೂನ್‌ನಲ್ಲಿ ಬಂದು, ಎರಡು ತಿಂಗಳ ಬಾಕಿ ಅರಿಯರ್ಸ್ ರೂಪದಲ್ಲಿ ಜೂನ್ ಸಂಬಳದ ಜೊತೆ ಸೇರುವುದು ಮಾಮೂಲು.

ಹೀಗಾಗಿ ಮೇ ತಿಂಗಳ ಪೇ ಸ್ಲಿಪ್‌ನಲ್ಲಿ ಹಳೆಯ ಸಂಬಳವೇ ಇದ್ದರೆ ‘ನನಗೆ ಹೈಕ್ ಆಗಿಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಪತ್ರ ತಡವಾಗಿದೆಯೋ, ಪಟ್ಟಿಯಲ್ಲಿ ಹೆಸರೇ ಇಲ್ಲವೋ ಎಂದು ತಿಳಿಯಲು ಒಂದು ಸುಲಭದ ಗುರುತಿದೆ. ಅಪ್ರೈಸಲ್ ಫಾರಂ, ಅಂದರೆ ವರ್ಷದ ಗುರಿಗಳ ಎದುರು ನಾವೇ ಅಂಕ ಕೊಟ್ಟುಕೊಂಡು ಮೇಲಿನವರಿಗೆ ಕಳಿಸುವ ಹಾಳೆ, ನಿಮಗೆ ತೆರೆದುಕೊಂಡಿತ್ತೇ? ಫೆಬ್ರವರಿ–ಮಾರ್ಚ್‌ನಲ್ಲಿ ಪಕ್ಕದವರೆಲ್ಲ ಅದನ್ನು ತುಂಬುತ್ತಿದ್ದಾಗ ನಿಮ್ಮ ಪರದೆಯಲ್ಲಿ ಏನೂ ಬಂದಿರಲಿಲ್ಲ ಎಂದರೆ, ಹೆಚ್ಚುಕಡಿಮೆ ಆಗಲೇ ನೀವು ಕಟ್‌ಆಫ್‌ನ ಆಚೆ ಬದಿಯಲ್ಲಿದ್ದೀರಿ ಎಂದರ್ಥ. ಹಾಗೆಂದು ಫಾರಂ ಬಂದ ಮಾತ್ರಕ್ಕೆ ಹೈಕ್ ಖಚಿತವೂ ಅಲ್ಲ. ಹೊಸಬರಿಂದ ಫಾರಂ ತುಂಬಿಸಿಕೊಂಡು, ರೇಟಿಂಗ್ ಕೊಟ್ಟು, ಸಂಬಳ ಮಾತ್ರ ಮುಂದಿನ ವರ್ಷ ಎನ್ನುವ ಕಂಪನಿಗಳೂ ಇವೆ.

ಗೆರೆ ಯಾಕೆ ಎಳೆಯುತ್ತಾರೆ

ಎಚ್.ಆರ್. ವಿಭಾಗ ಹೇಳುವ ಮೊದಲ ಕಾರಣ, ಕೆಲಸ ಅಳೆಯಲು ಒಂದಷ್ಟು ತಿಂಗಳಾದರೂ ಬೇಕು ಎಂಬುದು. ಇದು ನಿಜವೇ. ಜನವರಿಯಲ್ಲಿ ಬಂದವರಿಗೆ ಮಾರ್ಚ್‌ನಲ್ಲಿ ರೇಟಿಂಗ್ ಕೊಡಲು ಮ್ಯಾನೇಜರ್ ಹತ್ತಿರ ಏನೂ ಇರುವುದಿಲ್ಲ. ಪ್ರೊಬೇಷನ್ ಆರು ತಿಂಗಳಿದ್ದರೆ ಅವರಿನ್ನೂ ಕನ್ಫರ್ಮ್ ಕೂಡ ಆಗಿರುವುದಿಲ್ಲ.

ಆದರೆ ಗಟ್ಟಿ ಕಾರಣಗಳು ಬೇರೆ ಎರಡಿವೆ. ಹೊಸದಾಗಿ ಬಂದವರ ಸಂಬಳ ನಿಗದಿಯಾಗುವುದು ಅವರು ಬಂದ ದಿನದ ಮಾರುಕಟ್ಟೆ ದರಕ್ಕೆ. ಅದೇ ಕೆಲಸಕ್ಕೆ ಮೂರು ವರ್ಷದ ಹಿಂದೆ ಸೇರಿದವರ ಸಂಬಳ ಆ ದರಕ್ಕಿಂತ ಹಿಂದೆ ಬಿದ್ದಿರುತ್ತದೆ, ಅದನ್ನು ಮೇಲೆತ್ತಲೆಂದೇ ವಾರ್ಷಿಕ ಹೈಕ್. ನವೆಂಬರ್‌ನಲ್ಲಿ ಸೇರಿದವರ ಆಫರ್‌ನಲ್ಲಿ ಈ ವರ್ಷದ ಏರಿಕೆ ಆಗಲೇ ಸೇರಿದೆ, ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟರೆ ಎರಡು ಸಲ ಕೊಟ್ಟಂತೆ ಎಂಬುದು ಕಂಪನಿಯ ಲೆಕ್ಕ.

ಇನ್ನೊಂದು ಕಾರಣ ಬಜೆಟ್. ಹೈಕ್‌ಗೆ ಇಷ್ಟು ದುಡ್ಡು ಎಂದು ಕಂಪನಿ ಮೊದಲೇ ಎತ್ತಿಡುತ್ತದೆ. ಅದನ್ನು ಲೆಕ್ಕ ಹಾಕುವ ಬಗೆ ಸರಳ: ಅರ್ಹರ ಪಟ್ಟಿಯಲ್ಲಿರುವವರ ಒಟ್ಟು ಸಂಬಳದ ಮೇಲೆ ಶೇಕಡಾ ಇಷ್ಟು. ಒಂದು ವಿಭಾಗದಲ್ಲಿ ಹನ್ನೆರಡು ಜನ ಇದ್ದು ಹತ್ತು ಜನ ಮಾತ್ರ ಅರ್ಹರಾದರೆ, ಮ್ಯಾನೇಜರ್ ಕೈಗೆ ಬರುವುದು ಹತ್ತು ಜನರ ಸಂಬಳದ ಮೇಲಿನ ಮೊತ್ತ. ಹನ್ನೊಂದನೆಯವರಿಗೆ ಕೊಡಬೇಕೆಂದರೆ ಆ ಹತ್ತು ಜನರ ಪಾಲಿನಿಂದ ತೆಗೆಯಬೇಕು. ‘ನಿನ್ನ ಕೆಲಸ ಚೆನ್ನಾಗಿದೆ, ಆದರೆ ನನ್ನ ಕೈಯಲ್ಲಿಲ್ಲ’ ಎಂದು ಮೇಲಿನವರು ಹೇಳುವುದು ಬಹಳ ಸಲ ನೆಪವಲ್ಲ. ಪಟ್ಟಿ ಒಮ್ಮೆ ಮುಚ್ಚಿದ ಮೇಲೆ ಅವರ ಪರದೆಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.

ಇಲ್ಲಿಯವರೆಗೆ ಕಂಪನಿಯ ವಾದದಲ್ಲಿ ಹುರುಳಿದೆ. ಅಕ್ಟೋಬರ್‌ನಲ್ಲಿ ಬಂದವರಿಗೆ ಮುಂದಿನ ಏಪ್ರಿಲ್‌ನಲ್ಲಿ ಹೈಕ್ ಇಲ್ಲ ಎನ್ನುವುದನ್ನು ಒಪ್ಪಬಹುದು. ಪ್ರಶ್ನೆ ಏಳುವುದು ಅದರ ಮುಂದಿನ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅವರು ಹದಿನೆಂಟು ತಿಂಗಳು ದುಡಿದಿರುತ್ತಾರೆ, ಆದರೆ ಕೊಡುವುದು ಹನ್ನೆರಡು ತಿಂಗಳ ಹೈಕ್. ಆ ಮೊದಲ ಆರು ತಿಂಗಳು ಯಾವ ವರ್ಷದ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಪದ್ಧತಿಯ ತಪ್ಪಿರುವುದು ಅಲ್ಲಿ.

ಒಂದು ವಾರದ ಬೆಲೆ

ಲೆಕ್ಕಕ್ಕೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಹಾಸನದ ಒಂದೇ ಕಂಪನಿಯಲ್ಲಿ, ಒಂದೇ ಹುದ್ದೆಗೆ, ತಿಂಗಳಿಗೆ ₹30,000 ಸಂಬಳಕ್ಕೆ ಇಬ್ಬರಿಗೂ ಆಫರ್ ಬಂದಿದೆ. ಅರಸೀಕೆರೆಯವಳು 2024ರ ಸೆಪ್ಟೆಂಬರ್ 26ರ ಗುರುವಾರ ಸೇರುತ್ತಾಳೆ. ಬೇಲೂರಿನವನು ಮನೆಯವರ ಮಾತಿಗೆ ಒಂದು ವಾರ ಮುಂದೂಡಿ, ಅಕ್ಟೋಬರ್ 3ರ ಗುರುವಾರ ಸೇರುತ್ತಾನೆ. ಕಂಪನಿಯ ನಿಯಮ ಹೀಗಿದೆ: ಕಟ್‌ಆಫ್ ಸೆಪ್ಟೆಂಬರ್ 30, ಜಾರಿ ಏಪ್ರಿಲ್ 1, ವರ್ಷ ತುಂಬದವರಿಗೆ ದುಡಿದ ತಿಂಗಳುಗಳಷ್ಟು ಪಾಲು. ಇಬ್ಬರಿಗೂ ಎರಡೂ ವರ್ಷ ಒಂದೇ ರೇಟಿಂಗ್, ಪೂರ್ತಿ ಹೈಕ್ ಶೇ 8 ಎಂದಿಟ್ಟುಕೊಳ್ಳೋಣ.

2025ರ ಏಪ್ರಿಲ್‌ನಲ್ಲಿ ಅವಳಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳ ಪಾಲು, ಅಂದರೆ ಶೇ 4 ಸಿಗುತ್ತದೆ. ಸಂಬಳ ₹31,200 ಆಗುತ್ತದೆ. ಅವನಿಗೆ ಏನೂ ಇಲ್ಲ. 2026ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಪೂರ್ತಿ ಶೇ 8. ಅವಳದು ₹33,696ಕ್ಕೆ ಏರುತ್ತದೆ, ಅವನದು ₹32,400ಕ್ಕೆ.

ಮೊದಲ ವರ್ಷ ತಿಂಗಳಿಗೆ ₹1,200ರಂತೆ ₹14,400 ವ್ಯತ್ಯಾಸ. ಎರಡನೆಯ ವರ್ಷ ತಿಂಗಳಿಗೆ ₹1,296ರಂತೆ ₹15,552. ಎರಡು ವರ್ಷಕ್ಕೆ ಒಟ್ಟು ₹29,952, ಅಂದರೆ ಸುಮಾರು ಒಂದು ತಿಂಗಳ ಸಂಬಳ. ಇದು ಎರಡನೆಯ ವರ್ಷಕ್ಕೆ ನಿಲ್ಲುವುದೂ ಇಲ್ಲ. ಮುಂದಿನ ಪ್ರತಿ ಹೈಕ್ ಈಗಿನ ಸಂಬಳದ ಮೇಲೆಯೇ ಬೀಳುವುದರಿಂದ ವ್ಯತ್ಯಾಸ ವರ್ಷವರ್ಷವೂ ಇಷ್ಟಿಷ್ಟು ದೊಡ್ಡದಾಗುತ್ತದೆ. ಕೆಲಸ ಬದಲಿಸುವಾಗ ‘ಈಗಿನ ಸಂಬಳ ಎಷ್ಟು’ ಎಂದು ಕೇಳುವವರು ಇದ್ದೇ ಇರುತ್ತಾರಲ್ಲ, ಅಲ್ಲಿಗೂ ಜೊತೆಗೆ ಹೋಗುತ್ತದೆ. ಬೇಲೂರಿನವನ ಕಡೆಯಿಂದ ನೋಡಿದರೆ ಹದಿನೆಂಟು ತಿಂಗಳಿಗೆ ಶೇ 8 ಎಂದರೆ ವರ್ಷಕ್ಕೆ ಸುಮಾರು ಶೇ 5.3. ಕಾಗದದ ಮೇಲೆ ಇಬ್ಬರಿಗೂ ‘ಶೇ 8 ಹೈಕ್’ ಎಂದೇ ಇರುತ್ತದೆ.

ಕಟ್‌ಆಫ್ ತಾರೀಖನ್ನು ಮುಟ್ಟದೆಯೇ ಇದನ್ನು ಸರಿಪಡಿಸುವ ಎರಡು ದಾರಿಗಳಿವೆ, ಎರಡೂ ಕೆಲವು ಕಂಪನಿಗಳಲ್ಲಿ ಚಾಲ್ತಿಯಲ್ಲಿರುವಂಥವೇ.

ಒಂದು, ಬಿಟ್ಟುಹೋದ ತಿಂಗಳುಗಳನ್ನು ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳುವುದು. ಬೇಲೂರಿನವನಿಗೆ 2026ರ ಏಪ್ರಿಲ್‌ನಲ್ಲಿ ಹದಿನೆಂಟು ತಿಂಗಳ ಹೈಕ್, ಅಂದರೆ ಶೇ 12 ಕೊಟ್ಟರೆ ಅವನ ಸಂಬಳ ₹33,600 ಆಗುತ್ತದೆ. ಅವಳಿಗಿಂತ ₹96 ಮಾತ್ರ ಕಡಿಮೆ. ಮೊದಲ ವರ್ಷದ ₹14,400 ಹೋಯಿತು, ಆದರೆ ಮುಂದಿನ ಎಲ್ಲ ವರ್ಷಗಳ ಸೋರಿಕೆ ನಿಂತಿತು.

ಇನ್ನೊಂದು, ಅಕ್ಟೋಬರ್ 1ಕ್ಕೆ ಒಂದು ಮಧ್ಯಂತರ ಸುತ್ತು. ಆಗ ಅವನಿಗೆ 2025ರ ಅಕ್ಟೋಬರ್‌ನಲ್ಲಿ ಹನ್ನೆರಡು ತಿಂಗಳಿಗೆ ಶೇ 8 ಸಿಕ್ಕಿ ಸಂಬಳ ₹32,400 ಆಗುತ್ತದೆ. 2026ರ ಏಪ್ರಿಲ್‌ನಲ್ಲಿ ಅವನನ್ನೂ ಎಲ್ಲರ ಸುತ್ತಿಗೆ ಸೇರಿಸಿಕೊಂಡು ಆರು ತಿಂಗಳ ಪಾಲು ಶೇ 4 ಕೊಟ್ಟರೆ ₹33,696, ಅಂದರೆ ಇಬ್ಬರೂ ಸರಿಸಮ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವಳಿಗೆ ತಿಂಗಳಿಗೆ ₹1,200 ಹೆಚ್ಚು ಬರುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅವನಿಗೆ ಅಷ್ಟೇ ಹೆಚ್ಚು ಬರುತ್ತದೆ. ಅವಳಿಗೆ ಕೊಟ್ಟದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡದೆ ಲೆಕ್ಕ ಚುಕ್ತಾ ಆಗುವುದು ಈ ಪದ್ಧತಿಯಲ್ಲಿ. ಆದರೂ ಬಹಳ ಕಂಪನಿಗಳು ಇದನ್ನು ಇಟ್ಟುಕೊಳ್ಳದಿರುವುದು, ವರ್ಷಕ್ಕೆರಡು ಸಲ ಪಟ್ಟಿ, ಪತ್ರ, ಅನುಮೋದನೆ ಎಂದು ಓಡಾಡಲು ಎಚ್.ಆರ್.ನಲ್ಲಿ ಜನ ಸಾಲದೆ.

ಮೂರನೆಯ ಪದ್ಧತಿಯೂ ಒಂದಿದೆ, ಚಿಕ್ಕ ಆಸ್ಪತ್ರೆ, ಶೋರೂಂ, ಖಾಸಗಿ ಶಾಲೆಗಳ ಕಚೇರಿಗಳಲ್ಲಿ ಕಾಣುವಂಥದು: ಸೇರಿದ ತಿಂಗಳಿಗೆ ವರ್ಷ ತುಂಬಿದಾಗ ಅವರವರ ಹೈಕ್. ಇದರಲ್ಲಿ ಕಟ್‌ಆಫ್ ಜಗಳವೇ ಇಲ್ಲ. ಜಗಳ ಬೇರೆ ಕಡೆ ಇದೆ. ಎಲ್ಲರಿಗೂ ಒಂದೇ ದಿನ ಬರುವ ಹೈಕ್ ತಡವಾದರೆ ಕಚೇರಿಯಿಡೀ ಕೇಳುತ್ತದೆ. ನಿಮ್ಮೊಬ್ಬರದು ತಡವಾದರೆ ಕೇಳುವವರು ನೀವೊಬ್ಬರೇ, ಮಾಲೀಕರಿಗೆ ನೆನಪಿಸದೆ ಇದ್ದರೆ ತಿಂಗಳು ಉರುಳುತ್ತಲೇ ಇರುತ್ತದೆ.

ಸರ್ಕಾರ ಇದೇ ಗಂಟನ್ನು ಬಿಡಿಸಿದ ಬಗೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಅಲ್ಲಿರುವವರು ಕೇಂದ್ರ ಸರ್ಕಾರದ ನೌಕರರು, ಅವರಿಗೂ ವಾರ್ಷಿಕ ಇನ್ಕ್ರಿಮೆಂಟ್ ಇದೆ, ಅದಕ್ಕೂ ಕಟ್‌ಆಫ್ ಇದೆ. ಆದರೆ ಅದನ್ನು ಕಟ್ಟಿದ ರೀತಿ ಬೇರೆ.

ಆರನೆಯ ವೇತನ ಆಯೋಗದ ಕಾಲದಲ್ಲಿ ಎಲ್ಲ ಕೇಂದ್ರ ನೌಕರರಿಗೂ ಇನ್ಕ್ರಿಮೆಂಟ್ ದಿನ ಒಂದೇ, ಜುಲೈ 1. ಆ ದಿನಕ್ಕೆ ಆರು ತಿಂಗಳ ಸೇವೆ ಆಗಿರಬೇಕಿತ್ತು. ಜನವರಿ 1ಕ್ಕೆ ಸೇರಿದವರಿಗೆ ಆರು ತಿಂಗಳಿಗೇ ಸಿಗುತ್ತಿತ್ತು. ಜನವರಿ 2ಕ್ಕೆ ಸೇರಿದವರಿಗೆ ಒಂದು ದಿನ ಕಡಿಮೆಯಾಗಿ ಮುಂದಿನ ಜುಲೈವರೆಗೆ, ಅಂದರೆ ಹತ್ತಿರ ಹತ್ತಿರ ಹದಿನೆಂಟು ತಿಂಗಳು ಕಾಯಬೇಕಾಗುತ್ತಿತ್ತು. ಇವತ್ತಿನ ಖಾಸಗಿ ಕಂಪನಿಗಳ ಸೆಪ್ಟೆಂಬರ್ 30ರ ಗೆರೆಗೂ ಇದಕ್ಕೂ ಸ್ವರೂಪದಲ್ಲಿ ವ್ಯತ್ಯಾಸವಿಲ್ಲ.

ಏಳನೆಯ ವೇತನ ಆಯೋಗದ ನಂತರ, 2016ರ ಪರಿಷ್ಕೃತ ವೇತನ ನಿಯಮಗಳಲ್ಲಿ, ಒಂದು ದಿನದ ಬದಲು ಎರಡು ದಿನ ಬಂದವು: ಜನವರಿ 1 ಮತ್ತು ಜುಲೈ 1. ಜನವರಿ 2ರಿಂದ ಜುಲೈ 1ರವರೆಗೆ ಸೇರಿದವರಿಗೆ ಮುಂದಿನ ಜನವರಿ 1ಕ್ಕೆ, ಜುಲೈ 2ರಿಂದ ಜನವರಿ 1ರವರೆಗೆ ಸೇರಿದವರಿಗೆ ಮುಂದಿನ ಜುಲೈ 1ಕ್ಕೆ ಇನ್ಕ್ರಿಮೆಂಟ್. ಯಾವ ದಿನ ಸೇರಿದರೂ ಮೊದಲ ಇನ್ಕ್ರಿಮೆಂಟ್‌ಗೆ ಕಾಯುವುದು ಕಡಿಮೆಯೆಂದರೆ ಆರು ತಿಂಗಳು, ಹೆಚ್ಚೆಂದರೆ ಹನ್ನೆರಡು. ಗೆರೆ ಈಗಲೂ ಇದೆ, ಜುಲೈ 1ಕ್ಕೂ 2ಕ್ಕೂ ವ್ಯತ್ಯಾಸ ಈಗಲೂ ಇದೆ. ಆದರೆ ಒಂದು ದಿನ ತಡವಾದ್ದಕ್ಕೆ ತೆರಬೇಕಾದದ್ದು ಒಂದು ವರ್ಷದ ಬದಲು ಆರು ತಿಂಗಳು. ಖಾಸಗಿ ಕಂಪನಿಗಳ ಅಕ್ಟೋಬರ್ ಸುತ್ತು ಮಾಡುವ ಕೆಲಸವೂ ಇದೇ.

ಸರ್ಕಾರಿ ಮತ್ತು ಅರೆಸರ್ಕಾರಿ ಇನ್ಕ್ರಿಮೆಂಟ್‌ಗೆ ಇನ್ನೊಂದು ಗುಣವಿದೆ: ಅದು ನಿಯಮದಲ್ಲಿ ಬರೆದಿಟ್ಟ ಹಕ್ಕು. ನಿವೃತ್ತಿಯ ಮಾರನೆಯ ದಿನ ಇನ್ಕ್ರಿಮೆಂಟ್ ಬರಬೇಕಿದ್ದ ನಮ್ಮ ಕೆಪಿಟಿಸಿಎಲ್ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 11ರಂದು ನೌಕರರ ಪರ ತೀರ್ಪು ಕೊಟ್ಟಿತು. ದುಡಿದ ವರ್ಷಕ್ಕೆ ಸಂದಿದ್ದನ್ನು, ಕೊಡುವ ದಿನ ಸೇವೆಯಲ್ಲಿರಲಿಲ್ಲ ಎಂಬ ಕಾರಣಕ್ಕೆ ತಪ್ಪಿಸಲಾಗದು ಎಂಬುದು ಅದರ ಸಾರ. ಖಾಸಗಿ ಕಂಪನಿಯ ನೌಕರರು ಈ ತೀರ್ಪನ್ನು ಹಿಡಿದು ಎಚ್.ಆರ್. ಮುಂದೆ ಕೂತರೆ ಪ್ರಯೋಜನವಿಲ್ಲ. ಅವರ ಹೈಕ್ ನಿಂತಿರುವುದು ಆಫರ್ ಲೆಟರ್ ಮತ್ತು ಕಂಪನಿಯ ಪಾಲಿಸಿಯ ಮೇಲೆ. ಅಲ್ಲಿ ‘ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿರುವವರಿಗೆ ಹೈಕ್ ಇಲ್ಲ’ ಎಂದಿದ್ದರೆ ವರ್ಷಪೂರ್ತಿ ದುಡಿದಿದ್ದರೂ ಇಲ್ಲ.

ಯಾವ ದಿನ ‘ಸೇರಿದ ದಿನ’

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಹೆಚ್ಚಿನ ತಕರಾರು ಬರುವುದು ಇಲ್ಲಿ. ಒಬ್ಬರು ಮಾರ್ಚ್‌ನಿಂದ ಅದೇ ಗೇಟಿನೊಳಗೆ, ಅದೇ ಮಷೀನಿನ ಮುಂದೆ ಕೆಲಸ ಮಾಡುತ್ತಿರುತ್ತಾರೆ, ಆದರೆ ಕಾಂಟ್ರಾಕ್ಟರ್ ಕಡೆಯಿಂದ. ನವೆಂಬರ್‌ನಲ್ಲಿ ಕಂಪನಿ ಅವರನ್ನು ತನ್ನ ರೋಲ್‌ಗೆ ತೆಗೆದುಕೊಳ್ಳುತ್ತದೆ. ಅವರ ಮನಸ್ಸಿನಲ್ಲಿ ಸೇರಿದ್ದು ಮಾರ್ಚ್. ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಸೇರಿದ್ದು ನವೆಂಬರ್. ಏಪ್ರಿಲ್ ಹೈಕ್‌ನ ಪಟ್ಟಿ ಹೊರಡುವುದು ಆ ಸಾಫ್ಟ್‌ವೇರ್‌ನಿಂದ.

ತಾವು ಯಾರ ರೋಲ್‌ನಲ್ಲಿದ್ದೇವೆ ಎಂಬುದನ್ನು ಯಾರನ್ನೂ ಕೇಳದೆ ನೋಡಿಕೊಳ್ಳಬಹುದು. ಪಿ.ಎಫ್. ಇದ್ದವರು ಯುಎಎನ್ ಪೋರ್ಟಲ್‌ಗೆ ಹೋಗಿ `View` ಕೆಳಗಿನ `Service History` ತೆರೆದರೆ, ಪ್ರತಿ ಸಂಸ್ಥೆಯ ಹೆಸರಿನ ಎದುರು ಸೇರಿದ ತಾರೀಖು `DOJ EPF` ಎಂದು ಕಾಣುತ್ತದೆ. ಮಾರ್ಚ್‌ನ ಸಾಲಿನಲ್ಲಿ ಕಾಂಟ್ರಾಕ್ಟರ್ ಹೆಸರು, ನವೆಂಬರ್‌ನ ಸಾಲಿನಲ್ಲಿ ಕಂಪನಿಯ ಹೆಸರು ಇದ್ದರೆ ವಿಷಯ ಸ್ಪಷ್ಟ. ರೋಲ್‌ಗೆ ತೆಗೆದುಕೊಳ್ಳುವ ಪತ್ರದಲ್ಲಿ ‘ಹಿಂದಿನ ಸೇವೆಯನ್ನು ವೇತನ ಪರಿಷ್ಕರಣೆಗೆ ಪರಿಗಣಿಸಲಾಗುವುದು’ ಎಂಬ ಒಂದು ಸಾಲು ಬರೆಸಿಕೊಳ್ಳಲು ಸಾಧ್ಯವಾದರೆ ಅದಕ್ಕೆ ಬೆಲೆಯಿದೆ. ಬಾಯಿಮಾತಿನ ಭರವಸೆ ಪಟ್ಟಿಯವರೆಗೆ ತಲುಪುವುದಿಲ್ಲ.

ಟ್ರೇನಿಯಾಗಿ ಸೇರಿದವರದೂ ಹೆಚ್ಚುಕಡಿಮೆ ಇದೇ ಕಥೆ. ಒಂದು ವರ್ಷದ ತರಬೇತಿ ಮುಗಿದು ಕನ್ಫರ್ಮ್ ಆದಾಗ ಸಂಬಳ ಒಮ್ಮೆ ಏರುತ್ತದೆ. ಅದನ್ನೇ ಆ ವರ್ಷದ ಹೈಕ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೋ, ಅಥವಾ ಏಪ್ರಿಲ್‌ನಲ್ಲಿ ಇನ್ನೊಂದು ಸಿಗುತ್ತದೋ ಎಂದು ಸೇರುವಾಗಲೇ ಕೇಳಬೇಕು. ಪ್ರೊಬೇಷನ್ ಮುಂದುವರಿಸಿದ ಪತ್ರ ಬಂದರೂ ಎಚ್ಚರ ಬೇಕು. ಅರ್ಹತೆಗೆ ‘ಮಾರ್ಚ್ 31ಕ್ಕೆ ಕನ್ಫರ್ಮ್ ಆಗಿರಬೇಕು’ ಎಂಬ ಷರತ್ತಿದ್ದರೆ, ಸೆಪ್ಟೆಂಬರ್‌ನಲ್ಲಿ ಸೇರಿದವರಿಗೆ ಮೂರು ತಿಂಗಳ ಮುಂದುವರಿಕೆ ಬಂದರೆ ಸಾಕು, ಕಟ್‌ಆಫ್‌ನೊಳಗೆ ಸೇರಿದ್ದೂ ಉಪಯೋಗಕ್ಕೆ ಬರುವುದಿಲ್ಲ.

ಚಿಕ್ಕಮಗಳೂರಿನ ಕಾಫಿ ತೋಟಗಳ ಕಂಪನಿಗಳಲ್ಲಿ ಇದಕ್ಕೊಂದು ಕಾಲಮಾನದ ತೊಡಕಿದೆ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ರೈಟರ್, ಫೀಲ್ಡ್ ಸೂಪರ್‌ವೈಸರ್, ಕ್ಯೂರಿಂಗ್ ವರ್ಕ್ಸ್‌ನ ಸಿಬ್ಬಂದಿಯನ್ನು ಅದಕ್ಕೆ ಸ್ವಲ್ಪ ಮುಂಚೆ, ಅಕ್ಟೋಬರ್‌ನಲ್ಲಿ ಸೇರಿಸಿಕೊಂಡರೆ ಸೆಪ್ಟೆಂಬರ್ 30ರ ಗೆರೆಯಿರುವ ಕಡೆ ಅವರೆಲ್ಲ ಆಚೆ ಬದಿಗೆ ಬೀಳುತ್ತಾರೆ. ವರ್ಷದ ಅತಿ ಬಿಡುವಿಲ್ಲದ ಕಾಲದಲ್ಲಿ ದುಡಿದವರಿಗೆ ಆ ದುಡಿಮೆ ಹೈಕ್ ಲೆಕ್ಕಕ್ಕೆ ಸೇರದು. ಅಂಥ ಕಡೆ ಕಟ್‌ಆಫ್ ಅನ್ನು ಡಿಸೆಂಬರ್ 31ಕ್ಕೆ ಇಡುವುದೇ ವಿವೇಕ.

ಏಪ್ರಿಲ್‌ನಲ್ಲಿ ಬರುವುದೆಲ್ಲ ಹೈಕ್ ಅಲ್ಲ

ಮಾರ್ಚ್‌ನಲ್ಲಿ ಸೇರಿದವರಿಗೂ ಏಪ್ರಿಲ್ ಸಂಬಳ ಸ್ವಲ್ಪ ಏರಿದ್ದನ್ನು ಕಂಡು, ‘ಅವರಿಗೆ ಹೇಗೆ ಕೊಟ್ಟರು’ ಎಂದು ಕೇಳುವವರಿದ್ದಾರೆ. ಗಾರ್ಮೆಂಟ್ ಮುಂತಾದ ಕಡೆ ಅದು ಬಹುತೇಕ ತುಟ್ಟಿಭತ್ಯೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆಗಿನ ತುಟ್ಟಿಭತ್ಯೆ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಅದಕ್ಕೆ ಕಟ್‌ಆಫ್ ಇಲ್ಲ, ರೇಟಿಂಗ್ ಇಲ್ಲ, ನಿನ್ನೆ ಸೇರಿದವರಿಗೂ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ನಿಮ್ಮ ಸಂಬಳ ಹೊಸ ಕನಿಷ್ಠ ವೇತನಕ್ಕಿಂತ ಮೇಲೇ ಇದ್ದರೆ ಮಾತ್ರ ಆ ಏರಿಕೆ ನಿಮ್ಮ ಕೈಗೆ ಬರಲೇಬೇಕೆಂದಿಲ್ಲ. ಪೇ ಸ್ಲಿಪ್‌ನಲ್ಲಿ ಡಿ.ಎ. ಎಂಬ ಸಾಲು ಮಾತ್ರ ಏರಿ ಬೇಸಿಕ್ ಹಾಗೇ ಇದ್ದರೆ ನಿಮಗೆ ಬಂದದ್ದು ತುಟ್ಟಿಭತ್ಯೆ. ಅದನ್ನೇ ‘ಈ ವರ್ಷದ ಹೈಕ್’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಬೋನಸ್ ಕೂಡ ಬೇರೆಯೇ. ಕಾನೂನಿನ ಬೋನಸ್‌ಗೆ, ಸಂಬಳದ ಮಿತಿಯೊಳಗಿರುವವರು, ಆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ ಸಾಕು. ಅಕ್ಟೋಬರ್‌ನಲ್ಲಿ ಸೇರಿದವರಿಗೆ ‘ನೀವು ಅಪ್ರೈಸಲ್ ಪಟ್ಟಿಯಲ್ಲಿಲ್ಲ, ಬೋನಸ್ ಇಲ್ಲ’ ಎಂದು ಹೇಳಿದರೆ ಅದು ತಪ್ಪು. ಅವರು ದುಡಿದ ತಿಂಗಳುಗಳ ಸಂಬಳದ ಮೇಲೆ ಬೋನಸ್ ಬರಬೇಕು.

ಸೇರುವ ಮುಂಚೆ ಮಾಡಬೇಕಾದ ಲೆಕ್ಕ

ಆಫರ್ ಲೆಟರ್‌ನಲ್ಲಿ ‘ಕಂಪನಿಯ ಪಾಲಿಸಿ ಪ್ರಕಾರ ವಾರ್ಷಿಕ ಪರಿಷ್ಕರಣೆ’ ಎಂದಷ್ಟೇ ಇರುತ್ತದೆ, ಪಾಲಿಸಿ ಕೈಗೆ ಸಿಗುವುದು ಸೇರಿದ ಮೇಲೆ. ಆದ್ದರಿಂದ ಸಹಿ ಹಾಕುವ ಮುಂಚೆ ಇ–ಮೇಲ್‌ನಲ್ಲಿ ಒಂದೇ ಪ್ರಶ್ನೆ ಕೇಳಿದರೂ ಸಾಕು: ‘ನಾನು ಈ ತಾರೀಖು ಸೇರಿದರೆ ನನ್ನ ಮೊದಲ ಹೈಕ್ ಯಾವ ದಿನದಿಂದ ಜಾರಿ, ಅದರಲ್ಲಿ ಎಷ್ಟು ತಿಂಗಳು ಲೆಕ್ಕಕ್ಕೆ ಬರುತ್ತದೆ?’ ಕಟ್‌ಆಫ್, ಜಾರಿ ದಿನ, ಬಿಟ್ಟುಹೋದ ತಿಂಗಳು, ಮೂರಕ್ಕೂ ಉತ್ತರ ಇದರೊಳಗೆ ಬಂದುಬಿಡುತ್ತದೆ. ಫೋನಿನಲ್ಲಿ ಕೇಳಿದ್ದರೆ, ‘ನೀವು ಹೇಳಿದಂತೆ’ ಎಂದು ಶುರುಮಾಡಿ ಅದನ್ನೇ ಬರೆದು ಕಳಿಸಿ. ನೇಮಕ ಮಾಡಿಕೊಂಡ ವ್ಯಕ್ತಿ ಆ ಏಪ್ರಿಲ್‌ವರೆಗೆ ಅದೇ ಕುರ್ಚಿಯಲ್ಲಿ ಇರುತ್ತಾರೆಂಬ ಖಾತರಿಯಿಲ್ಲ.

ತಾರೀಖು ನಿಮ್ಮ ಕೈಯಲ್ಲಿದ್ದರೆ ಗೆರೆಯ ಈಚೆಗೆ ಬರುವುದೇ ಸರಿ. ಹಳೆಯ ಕಂಪನಿಯ ನೋಟಿಸ್ ಅವಧಿ ಅಡ್ಡ ಬಂದರೆ, ಉಳಿದ ದಿನಗಳಿಗೆ ದುಡ್ಡು ಕಟ್ಟಿ ಹೊರಬರಲು ಎಷ್ಟಾಗುತ್ತದೆ ನೋಡಿ. ಹಳೆಯ ಸಂಬಳ ₹25,000 ಇದ್ದರೆ ಏಳು ದಿನಕ್ಕೆ ಸುಮಾರು ₹5,833. ಮೇಲಿನ ಲೆಕ್ಕದಲ್ಲಿ ಗೆರೆ ದಾಟಿದ್ದರಿಂದ ಮೊದಲ ವರ್ಷವೇ ಹೋದದ್ದು ₹14,400. ಒಂದು ವಾರದ ವ್ಯತ್ಯಾಸಕ್ಕೆ ಇದು ಲಾಭವೇ. ಒಂದು ತಿಂಗಳಿನಷ್ಟು ಕಟ್ಟಬೇಕಾದರೆ ಮತ್ತೊಮ್ಮೆ ಯೋಚಿಸಬೇಕು.

ತಾರೀಖು ಬದಲಿಸಲು ಆಗದಿದ್ದರೆ ಸಂಬಳದಲ್ಲಿ ಕೇಳಿ. ಕೇಳುವ ಮೊತ್ತಕ್ಕೂ ಆಧಾರ ಇರಲಿ. ಬೇಲೂರಿನವನು ಸೇರುವಾಗಲೇ ಶೇ 4 ಹೆಚ್ಚು, ಅಂದರೆ ₹31,200 ಕೇಳಿ ಪಡೆದಿದ್ದರೆ 2026ರ ಏಪ್ರಿಲ್‌ಗೆ ಅವನೂ ₹33,696ಕ್ಕೇ ಬರುತ್ತಿದ್ದ. ಅದು ಹೆಚ್ಚಾಯಿತು ಎಂದು ಕಂಪನಿ ಎಳೆದರೆ, ಮೊದಲ ಎರಡೂವರೆ ವರ್ಷದ ಒಟ್ಟು ಸಂಬಳ ಅವಳ ಸಮಕ್ಕೆ ಬರಲು ₹31,000ಕ್ಕೆ ಒಪ್ಪಿದರೂ ನಡೆಯುತ್ತದೆ. ಆಗ ಕೊನೆಯ ಸಂಬಳ ಮಾತ್ರ ಅವಳಿಗಿಂತ ತುಸು ಹಿಂದೆ ಉಳಿಯುತ್ತದೆ. ‘ನನ್ನ ಮೊದಲ ಹೈಕ್ ಹದಿನೆಂಟು ತಿಂಗಳಿಗೆ, ಅದಕ್ಕೆ ಈ ಸಾವಿರ’ ಎಂದು ಕಾರಣ ಸಮೇತ ಕೇಳಿದರೆ ನೇಮಕಾತಿಯವರಿಗೂ ಮೇಲಿನವರ ಹತ್ತಿರ ಒಪ್ಪಿಗೆ ತರುವುದು ಸುಲಭ. ಸುಮ್ಮನೆ ‘ಇನ್ನೂ ಸ್ವಲ್ಪ ಹೆಚ್ಚು ಮಾಡಿ’ ಎಂದರೆ ಅವರ ಕೈಗೆ ಏನನ್ನೂ ಕೊಟ್ಟಂತಾಗುವುದಿಲ್ಲ.

ಸೇರಿ ಆಗಿದೆ, ಗೆರೆ ದಾಟಿಯೂ ಆಗಿದೆ ಎನ್ನುವವರಿಗೆ ಉಳಿದಿರುವುದು ಎರಡನೆಯ ಏಪ್ರಿಲ್. ಅದಕ್ಕೆ ಮಾತಾಡಬೇಕಾದ ಕಾಲ ಏಪ್ರಿಲ್ ಅಲ್ಲ. ಪಟ್ಟಿಯೂ ಬಜೆಟ್ಟೂ ಮುಚ್ಚುವುದಕ್ಕೆ ಮುಂಚೆ, ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ, ಮ್ಯಾನೇಜರ್‌ಗೆ ಬರೆಯಿರಿ: ಸೇರಿದ ತಾರೀಖು, ಮಾರ್ಚ್ ಕೊನೆಗೆ ಒಟ್ಟು ಎಷ್ಟು ತಿಂಗಳಾಗುತ್ತದೆ, ಹಿಂದಿನ ಸುತ್ತಿನಲ್ಲಿ ಏನೂ ಸಿಕ್ಕಿಲ್ಲ, ಆ ತಿಂಗಳುಗಳನ್ನು ಸೇರಿಸಿ ಪರಿಗಣಿಸಬೇಕು. ಪಾಲಿಸಿಯಲ್ಲಿ ಅದಕ್ಕೆ ಅವಕಾಶ ಇಲ್ಲದಿದ್ದರೂ, ತಿದ್ದುಪಡಿ ಎಂಬ ಹೆಸರಿನಲ್ಲಿ ಕಂಪನಿಗಳು ಹೈಕ್ ಬಜೆಟ್‌ನ ಹೊರಗೆ ಸ್ವಲ್ಪ ಮೊತ್ತ ಇಟ್ಟುಕೊಳ್ಳುವುದುಂಟು. ಅದನ್ನು ಕೇಳಿ ತರಬೇಕಾದವರು ಮ್ಯಾನೇಜರ್. ಮಾರ್ಚ್ ಕೊನೆಗೆ ಕೇಳಿದರೆ ಆ ಮೊತ್ತ ಆಗಲೇ ಬೇರೆಯವರ ಹೆಸರಿಗೆ ಹಂಚಿಹೋಗಿರುತ್ತದೆ.